ಚಾರ್ಟ್‌ನ ಚುಕ್ಕೆ ಎಲ್ಲೋ, ಕಾಫಿಯ ರುಚಿ ಎಲ್ಲೋ: ರಿಫ್ರಾಕ್ಟೋಮೀಟರ್ ದೋಷ ಹುಡುಕುವ ಬಗೆ

ಬೆಂಗಳೂರಿನ ಒಂದು ಚಿಕ್ಕ ಕಾಫಿ ಅಂಗಡಿಯಿಂದ ಬಂದ ದೂರು ಇದು. ಪೋರ್-ಓವರ್, ಅಂದರೆ ಕಾಗದದ ಫಿಲ್ಟರ್‌ನಲ್ಲಿರುವ ಪುಡಿಯ ಮೇಲೆ ಬಿಸಿನೀರು ಸುರಿದು ಇಳಿಸುವ ಕಾಫಿ, ಮಾಡ್ತಿದ್ದ ಹುಡುಗ ಹೇಳಿದ್ದು ಇಷ್ಟೇ: "ಸರ್, ಮೀಟರ್ ಪ್ರಕಾರ ಎಕ್ಸ್‌ಟ್ರಾಕ್ಷನ್ ಇಪ್ಪತ್ತೇಳು ಬರ್ತಿದೆ. ಜಾಸ್ತಿ ಆಯ್ತು ಅಂತ ಗ್ರೈಂಡ್ ದಪ್ಪ ಮಾಡಿದೆ. ಈಗ ಕಾಫಿ ಹುಳಿ ಹುಳಿ, ನೀರು ನೀರು. ಆದ್ರೂ ಮೀಟರ್ ಇಪ್ಪತ್ತೇಳೇ ಅಂತಿದೆ."

ಪುಡಿಯಿಂದ ಬಂದದ್ದು ಕಡಿಮೆ ಅಂತ ನಾಲಿಗೆ ಅನ್ನುತ್ತಿದೆ, ಯಂತ್ರ ಜಾಸ್ತಿ ಅನ್ನುತ್ತಿದೆ. ಯಂತ್ರ ಅಂದರೆ ರಿಫ್ರಾಕ್ಟೋಮೀಟರ್, ಒಂದು ಹನಿ ಕಾಫಿ ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅಂತ ನೋಡಿ ಅದರಲ್ಲಿ ಎಷ್ಟು ಕರಗಿದೆ ಅಂತ ಹೇಳುವ ಮೀಟರ್. ಹೀಗಾದಾಗ ಮೊದಲು ಗ್ರೈಂಡರ್ ಮುಟ್ಟಬಾರದು. ಅಳತೆಯನ್ನೇ ಪರೀಕ್ಷೆ ಮಾಡಬೇಕು. ಯಾಕೆ ಅಂತ ತಿಳಿಯೋಕೆ, ಆ ರೀಡಿಂಗನ್ನು ಗುರುತು ಹಾಕಿ ನೋಡುವ ಚಾರ್ಟ್ ಹೇಗೆ ಕಟ್ಟಿದ್ದಾರೆ ಅಂತ ಒಂದು ಸಲ ನೋಡಿಬಿಡೋಣ.

ಚಾರ್ಟ್‌ನಲ್ಲಿ ಇರುವುದೇನು

ಈ ಬ್ರೂ ಕಂಟ್ರೋಲ್ ಚಾರ್ಟ್‌ನ ಮೂಲ ಅಮೆರಿಕದ್ದು. 1950ರ ದಶಕದಲ್ಲಿ ಎಂಐಟಿಯ ಅರ್ನೆಸ್ಟ್ ಲಾಕ್‌ಹಾರ್ಟ್ ಮಾಡಿದ ಕೆಲಸದಿಂದ ಬಂದದ್ದು. ನಿಂತಿರುವ ಅಕ್ಷದಲ್ಲಿ ಟಿಡಿಎಸ್, ಅಂದರೆ ಕಪ್ಪಿನಲ್ಲಿರುವ ಕಾಫಿಯ ತೂಕದಲ್ಲಿ ಕರಗಿದ ಪದಾರ್ಥ ಶೇಕಡಾ ಎಷ್ಟು ಅನ್ನುವುದು. ಇದು ಕಾಫಿಯ ಗಟ್ಟಿತನ. ಮಲಗಿರುವ ಅಕ್ಷದಲ್ಲಿ ಎಕ್ಸ್‌ಟ್ರಾಕ್ಷನ್, ಅಂದರೆ ನಾವು ಹಾಕಿದ ಪುಡಿಯಲ್ಲಿ ಶೇಕಡಾ ಎಷ್ಟು ಕರಗಿ ಕಪ್ಪಿಗೆ ಬಂತು ಅನ್ನುವುದು. ಮಧ್ಯದ ಚೌಕ ಅಂದರೆ ರುಚಿ ಹದವಾಗಿರುವ ಜಾಗ, ಹಳೆಯ ಲೆಕ್ಕದಲ್ಲಿ ಎಕ್ಸ್‌ಟ್ರಾಕ್ಷನ್ 18ರಿಂದ 22, ಟಿಡಿಎಸ್ 1.15ರಿಂದ 1.35. ಇವೆರಡರ ಜೊತೆಗೆ ಓರೆಯಾಗಿ ಒಂದಷ್ಟು ಗೆರೆ ಇರುತ್ತವೆ. ಲೀಟರ್ ನೀರಿಗೆ 50 ಗ್ರಾಂ ಪುಡಿ, 55 ಗ್ರಾಂ, 60 ಗ್ರಾಂ ಹೀಗೆ ಪ್ರತಿ ಅನುಪಾತಕ್ಕೂ ಒಂದು ಗೆರೆ.

ಓದುವುದು ಹೀಗೆ. ಪುಡಿ ಮತ್ತು ನೀರಿನ ಅಳತೆ ಬದಲಿಸದೆ ಗ್ರೈಂಡ್ ಸಣ್ಣ ಮಾಡಿದರೆ ನಿಮ್ಮ ಕಾಫಿಯ ಟಿಡಿಎಸ್, ಎಕ್ಸ್‌ಟ್ರಾಕ್ಷನ್ ಎರಡೂ ಸೇರುವ ಚುಕ್ಕೆ ಅದೇ ಓರೆ ಗೆರೆಯ ಮೇಲೆ ಬಲಕ್ಕೆ, ಮೇಲಕ್ಕೆ ಹೋಗುತ್ತದೆ. ದಪ್ಪ ಮಾಡಿದರೆ ಎಡಕ್ಕೆ, ಕೆಳಕ್ಕೆ. ಪುಡಿ-ನೀರಿನ ಅನುಪಾತ ಬದಲಿಸಿದರೆ ಚುಕ್ಕೆ ಬೇರೆ ಗೆರೆಗೆ ಹಾರುತ್ತದೆ.

ಇಲ್ಲೇ ಒಂದು ಸಿಕ್ಕು ಇದೆ. ಎಕ್ಸ್‌ಟ್ರಾಕ್ಷನ್ ಅನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ಟಿಡಿಎಸ್‌ನಿಂದಲೇ ಲೆಕ್ಕ ಹಾಕುತ್ತೇವೆ:

```
ಎಕ್ಸ್‌ಟ್ರಾಕ್ಷನ್ % = ಟಿಡಿಎಸ್ % × ಕಪ್ಪಿಗೆ ಬಂದ ಕಾಫಿಯ ತೂಕ ÷ ಪುಡಿಯ ತೂಕ
```

ಎರಡು ಅಕ್ಷಕ್ಕೂ ಆಧಾರ ಒಂದೇ ರೀಡಿಂಗ್. ಹಾಗಾಗಿ ಟಿಡಿಎಸ್ ತಪ್ಪಾದರೆ ಎರಡೂ ಒಂದೇ ಪ್ರಮಾಣದಲ್ಲಿ ತಪ್ಪುತ್ತವೆ. ಚುಕ್ಕೆ ಎಲ್ಲೋ ದಿಕ್ಕಾಪಾಲಾಗಿ ಬೀಳುವುದಿಲ್ಲ. ಅದೇ ಓರೆ ಗೆರೆಯ ಮೇಲೆ ಸುಮ್ನೆ ಜಾರುತ್ತದೆ, ಥೇಟ್ ಗ್ರೈಂಡ್ ಬದಲಾದಾಗ ಜಾರುವ ಹಾಗೆ. ಮೀಟರ್‌ನ ತಪ್ಪು ಗ್ರೈಂಡರ್‌ನ ತಪ್ಪಿನ ವೇಷ ಹಾಕಿಕೊಂಡು ಬರುತ್ತದೆ. ಚಾರ್ಟ್ ನೋಡಿ ಇವೆರಡನ್ನೂ ಬೇರೆ ಮಾಡೋಕೆ ಆಗುವುದೇ ಇಲ್ಲ.

ತೂಕದ ತಪ್ಪು ಮಾತ್ರ ಬೇರೆ ಥರ. ಅದರಲ್ಲಿ ಟಿಡಿಎಸ್ ಅಲ್ಲೇ ನಿಲ್ಲುತ್ತದೆ, ಎಕ್ಸ್‌ಟ್ರಾಕ್ಷನ್ ಮಾತ್ರ ಅತ್ತಿತ್ತ ಸರಿಯುತ್ತದೆ. ಅಂದರೆ ಚುಕ್ಕೆ ನಿಮ್ಮ ಗೆರೆ ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ಹಾಗಾಗಿ ಹುಡುಕಾಟ ಇಲ್ಲಿಂದಲೇ ಶುರು ಮಾಡಿ: ಚುಕ್ಕೆ ನಿಮ್ಮ ಅನುಪಾತದ ಗೆರೆಯ ಮೇಲಿದೆಯೋ, ಹೊರಗಿದೆಯೋ?

ಚುಕ್ಕೆ ಗೆರೆಯ ಹೊರಗೆ: ತೂಕ ನೋಡಿ

ಆ ಅಂಗಡಿಯ ಲೆಕ್ಕ ಹೀಗಿತ್ತು. ಪುಡಿ 15 ಗ್ರಾಂ, ನೀರು 250 ಗ್ರಾಂ. ಅಂದರೆ ಲೀಟರಿಗೆ 60 ಗ್ರಾಂ. ರೀಡಿಂಗ್ 1.62. ಹುಡುಗ ಮಾಡಿದ ಲೆಕ್ಕ 1.62 × 250 ÷ 15 = 27.0.

ಈ ಚುಕ್ಕೆ 60 ಗ್ರಾಂ ಗೆರೆಯಿಂದ ಸಾಕಷ್ಟು ಬಲಕ್ಕೆ ಬೀಳುತ್ತದೆ. ಅಲ್ಲದೆ ಹುರಿದ ಕಾಫಿಯಿಂದ ನೀರಿಗೆ ಬರಬಹುದಾದದ್ದು ಒಟ್ಟಾರೆ ಹೆಚ್ಚುಕಡಿಮೆ ಶೇಕಡಾ 30 ಮಾತ್ರ. ದಪ್ಪ ಗ್ರೈಂಡ್‌ನಲ್ಲಿ ಎರಡು ಮೂರು ನಿಮಿಷದಲ್ಲಿ 27 ಬಂತು ಅಂದರೆ ನಂಬೋ ಮಾತಲ್ಲ.

ತಪ್ಪು ಎಲ್ಲಿ ಅಂದರೆ, 250 ಅನ್ನುವುದು ಸುರಿದ ನೀರು. ಕಪ್ಪಿಗೆ ಬಂದ ಕಾಫಿ ಅಲ್ಲ. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. 15 ಗ್ರಾಂ ಪುಡಿ 30 ಗ್ರಾಂ ನುಂಗಿದರೆ ಕೆಳಗೆ ಬರುವುದು 220. ಖಾಲಿ ಜಾರ್ ತೂಗಿಟ್ಟುಕೊಂಡು, ಡ್ರಿಪ್ಪರ್ ತೆಗೆದ ಮೇಲೆ ಜಾರ್ ಮತ್ತೆ ತೂಗಿಸಿದೆ. 220 ಬಂತು. ಈಗ 1.62 × 220 ÷ 15 = 23.8. ಚುಕ್ಕೆ ಗೆರೆಗೆ ಬಂದು ಕೂತಿತು.

ಫ್ರೆಂಚ್ ಪ್ರೆಸ್ ಥರ ಪುಡಿಯನ್ನು ನೀರಲ್ಲೇ ನೆನೆಹಾಕುವ ಕಡೆ ಇದು ತಿರುಗುಮುರುಗು. ಅಲ್ಲಿ ಪುಡಿಯಲ್ಲಿ ಉಳಿದ ದ್ರವವೂ ಕಪ್ಪಿನ ಕಾಫಿಯಷ್ಟೇ ಗಟ್ಟಿ ಇರುತ್ತದೆ. ಕರಗಿದ್ದನ್ನೆಲ್ಲ ಲೆಕ್ಕಕ್ಕೆ ತಗೊಳ್ಳಬೇಕು ಅಂದರೆ ಸುರಿದ ಪೂರ್ತಿ ನೀರನ್ನೇ ಹಾಕಬೇಕು. 30 ಗ್ರಾಂ ಪುಡಿ, 500 ಗ್ರಾಂ ನೀರು, ಟಿಡಿಎಸ್ 1.25 ಇದ್ದರೆ ಸುಮಾರು 21 ಬರುತ್ತದೆ. ಬಗ್ಗಿಸಿಕೊಂಡ 430 ಗ್ರಾಂ ಹಾಕಿ ಲೆಕ್ಕ ಮಾಡಿದರೆ 18ಕ್ಕಿಂತ ಕೆಳಗೆ ಇಳಿಯುತ್ತದೆ. ಮೊಬೈಲ್ ಆ್ಯಪ್ ಬಳಸುವವರು ಅದರಲ್ಲಿ ಡ್ರಿಪ್ ಆರಿಸಿದ್ದೀರೋ, ನೆನೆಹಾಕುವ ವಿಧಾನ ಆರಿಸಿದ್ದೀರೋ ನೋಡಿಕೊಳ್ಳಿ. ಎಷ್ಟೋ ಸಲ ಗಲಾಟೆ ಅಲ್ಲೇ ಮುಗಿಯುತ್ತದೆ.

ಚುಕ್ಕೆ ಗೆರೆಯ ಮೇಲಿದೆ, ರುಚಿ ಮಾತ್ರ ಬೇರೆ: ರೀಡಿಂಗ್ ನೋಡಿ

23.8 ಅಂದರೂ ಚಾರ್ಟ್ ಪ್ರಕಾರ ಅತಿಯಾಗಿ ಹೀರಿದ್ದು, ಗಟ್ಟಿ, ಕಹಿ. ಆದರೆ ಕಪ್ಪಿನಲ್ಲಿರುವುದು ಹುಳಿ, ತೆಳು. ಈಗ ಸಂಶಯ ಟಿಡಿಎಸ್ ಮೇಲೆ.

ಮೊದಲು ಆ ಹುಡುಗ ಸ್ಯಾಂಪಲ್ ತೆಗೆಯೋದನ್ನ ನೋಡಿದೆ. ಜಾರ್‌ಗೆ ಕಾಫಿ ಇಳಿಯಿತು. ಅಲ್ಲಾಡಿಸಲಿಲ್ಲ. ಉದ್ದದ ಡ್ರಾಪರ್ ತಳಕ್ಕೆ ಬಿಟ್ಟು ಎಳೆದ. ಪೋರ್-ಓವರ್‌ನಲ್ಲಿ ಮೊದಲು ಇಳಿಯುವ ಕಾಫಿ ತುಂಬಾ ಗಟ್ಟಿ, ಕೊನೆಗೆ ಇಳಿಯುವುದು ಬಹುತೇಕ ಬಣ್ಣದ ನೀರು. ಗಟ್ಟಿಯದು ಭಾರ, ತಳದಲ್ಲಿ ಉಳಿಯುತ್ತದೆ. ಗಾಜಿನ ಜಾರ್ ಬೆಳಕಿಗೆ ಹಿಡಿದರೆ ಕೆಳಗೆ ಕಪ್ಪು, ಮೇಲೆ ಕೆಂಪು ಕಣ್ಣಿಗೇ ಕಾಣುತ್ತದೆ. ಅದೇ ಜಾರ್ ಚೆನ್ನಾಗಿ ಕಲಕಿ ಮತ್ತೆ ತೆಗೆಸಿದೆ. 1.62 ಇದ್ದದ್ದು 1.30 ಆಯಿತು. ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಒಂದು ಚಮಚ ಆಡಿಸದೇ ಇದ್ದದ್ದೇ ಕಾರಣ.

ಕಲಕದ ಜಾರ್‌ನ ಗುರುತು ಸುಲಭ. ಒಂದೇ ಜಾರ್‌ನಿಂದ ಮೇಲೊಂದು, ಕೆಳಗೊಂದು ಸ್ಯಾಂಪಲ್ ತೆಗೆಯಿರಿ. ಎರಡೂ ಹೊಂದದಿದ್ದರೆ ಬೇರೆ ಯಾವ ಪರೀಕ್ಷೆಯೂ ಸದ್ಯಕ್ಕೆ ಬೇಡ.

ಆಮೇಲೆ ಸೊನ್ನೆ ನೋಡಿದೆ. ಪ್ರಿಸಂ ಒರೆಸಿ, ಕೋಣೆಯ ಬಿಸಿಯಲ್ಲೇ ಇದ್ದ ಡಿಸ್ಟಿಲ್ಡ್ ವಾಟರ್ ಒಂದೆರಡು ಹನಿ ಹಾಕಿದರೆ 0.00 ಬರಬೇಕು. ಬಂದದ್ದು 0.08. ಬೆಳಿಗ್ಗೆ ಕೆಟಲ್‌ನಿಂದ ಬಂದ ಬೆಚ್ಚಗಿನ ನೀರಲ್ಲಿ ಸೊನ್ನೆ ಮಾಡಿಬಿಟ್ಟಿದ್ದರು. ನೀರು ಬೆಚ್ಚಗಾದಷ್ಟೂ ಬೆಳಕನ್ನು ಬಗ್ಗಿಸುವುದು ಕಡಿಮೆ. ಆ ಕಡಿಮೆ ಮಟ್ಟವನ್ನೇ ಸೊನ್ನೆ ಅಂತ ಯಂತ್ರ ಹಿಡಿದುಕೊಂಡರೆ ಮುಂದಿನ ಪ್ರತಿ ರೀಡಿಂಗೂ ಅಷ್ಟು ಮೇಲಕ್ಕೆ ನಿಲ್ಲುತ್ತದೆ. ಕೋಣೆಯ ಬಿಸಿಯಲ್ಲಿದ್ದ ಡಿಸ್ಟಿಲ್ಡ್ ವಾಟರ್ ಹಾಕಿ ಮತ್ತೆ ಸೊನ್ನೆ ಮಾಡಿ, ಅದೇ ಕಲಕಿದ ಕಾಫಿ ಹಾಕಿದಾಗ 1.22.

ಬೋರ್‌ವೆಲ್ ನೀರಲ್ಲಿ ಸೊನ್ನೆ ಮಾಡುವವರಿಗೆ ಇದರ ಉಲ್ಟಾ ತೊಂದರೆ. ನೀರಲ್ಲೇ 500 ಪಿಪಿಎಂ ಲವಣ ಇದ್ದರೆ ಅದು ಶೇಕಡಾ 0.05. ಅದನ್ನೂ ಸೊನ್ನೆಯೊಳಗೆ ಸೇರಿಸಿಬಿಟ್ಟರೆ ರೀಡಿಂಗ್ ಕೆಳಗೆ ಬೀಳುತ್ತದೆ. ಇನ್ವರ್ಟರ್ ಬ್ಯಾಟರಿಗೆ ಅಂತ ಮಾರುವ ಡಿಸ್ಟಿಲ್ಡ್ ವಾಟರ್ ಈ ಕೆಲಸಕ್ಕೆ ಸಾಕು, ಕ್ಯಾನ್ ಹೊಸದಾಗಿರಲಿ ಅಷ್ಟೇ. ಪ್ರಿಸಂ ಮೇಲೆ ಹಳೇ ಕಾಫಿಯ ಜಿಡ್ಡು ಇದ್ದಾಗ ಸೊನ್ನೆ ಮಾಡಿದರೂ ಹೀಗೇ ಕೆಳಗೆ ಬೀಳುತ್ತದೆ. ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಲು ಬಿಟ್ಟು, ಆಮೇಲೆ ನೀರು ಹಾಕಿ.

ಈಗ 1.22 × 220 ÷ 15 = 17.9. ಚುಕ್ಕೆ ಚೌಕದ ಎಡ ಅಂಚಿನಿಂದ ಸ್ವಲ್ಪ ಹೊರಗೆ. ಗಟ್ಟಿತನ ಸರಿಯಿದೆ, ಆದರೆ ಪುಡಿಯಿಂದ ಬರಬೇಕಾದದ್ದು ಬಂದಿಲ್ಲ. ನಾಲಿಗೆ ಹೇಳಿದ್ದ ಹುಳಿಗೆ ಈಗ ಚಾರ್ಟೂ ಒಪ್ಪಿತು. 27ರಿಂದ 17.9ಕ್ಕೆ ಇಳಿದಿದ್ದೇವೆ, ಕಾಫಿಯಲ್ಲಿ ಒಂದು ಹನಿಯೂ ಬದಲಾಗಿಲ್ಲ.

ಬಿಸಿ ಹನಿ, ಆವಿಯಾಗುವ ಹನಿ

ಆ ಅಂಗಡಿಯಲ್ಲಿ ಇದು ಇರಲಿಲ್ಲ, ಆದರೆ ಬೇರೆ ಕಡೆ ಹೆಚ್ಚು ಸಿಗುವ ದೋಷ ಇದೇ. ಸುಮಾರು 25 ಡಿಗ್ರಿ ಆಸುಪಾಸಿನಲ್ಲಿ ಹನಿಯ ಬಿಸಿ ಒಂದು ಡಿಗ್ರಿ ಏರಿದರೆ ರೀಡಿಂಗ್ ಅಂದಾಜು 0.06 ಇಳಿಯುತ್ತದೆ. ಚೌಕದ ಎತ್ತರವೇ 0.20. ಅಂದರೆ ಮೂರ್ನಾಲ್ಕು ಡಿಗ್ರಿ ತಪ್ಪಿದರೆ ಚುಕ್ಕೆ ಚೌಕದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಿಬಿಡುತ್ತದೆ.

"ನಮ್ಮದರಲ್ಲಿ ಉಷ್ಣತೆ ಸರಿಪಡಿಸೋ ವ್ಯವಸ್ಥೆ ಇದೆ" ಅಂತ ಎಲ್ಲರೂ ಹೇಳುತ್ತಾರೆ. ಇದೆ, ನಿಜ. ಆದರೆ ಯಂತ್ರಕ್ಕೆ ಗೊತ್ತಿರುವುದು ಪ್ರಿಸಂನ ಬಿಸಿ, ಹನಿಯದ್ದಲ್ಲ. ಎರಡೂ ಒಂದೇ ಮಟ್ಟಕ್ಕೆ ಬಂದಮೇಲಷ್ಟೇ ಆ ಲೆಕ್ಕ ಸರಿ. ಅದಕ್ಕೇ ಕಾಫಿಯನ್ನು ಮೊದಲು ಮುಚ್ಚಳ ಇರುವ ಪುಟ್ಟ ಶೀಶೆಯಲ್ಲಿ ಕೋಣೆಯ ಬಿಸಿಗೆ ತಣಿಸಬೇಕು. ಎಸ್ಪ್ರೆಸೊ ಯಂತ್ರದ ಪಕ್ಕ, ಕಪ್ ಬಿಸಿ ಮಾಡುವ ತಟ್ಟೆಯ ಮೇಲೆ ಮೀಟರ್ ಇಡಬೇಡಿ. ಅಲ್ಲಿ ಇಟ್ಟಿದ್ದನ್ನು ನಾನು ಕಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಮುಚ್ಚಳ ಯಾಕೆ ಅಂದರೆ, ತೆರೆದ ಚಮಚದಲ್ಲಿ ಬಿಸಿ ಕಾಫಿ ಇಟ್ಟು ಫ್ಯಾನ್ ಕೆಳಗೆ ತಣಿಸಿದರೆ ನೀರು ಹಾರಿಹೋಗಿ ಉಳಿದದ್ದು ಗಟ್ಟಿಯಾಗುತ್ತದೆ. ಬಿಸಿ ರೀಡಿಂಗ್ ಅನ್ನು ಕೆಳಗೆಳೆಯುತ್ತದೆ, ಆವಿ ಮೇಲಕ್ಕೆತ್ತುತ್ತದೆ. ಎರಡನ್ನೂ ಬೇರೆ ಮಾಡುವುದು ಹೀಗೆ: ಹನಿ ಹಾಕಿ, ಬಿಡಿ, ಅರ್ಧ ಅರ್ಧ ನಿಮಿಷಕ್ಕೆ ಬಟನ್ ಒತ್ತಿ. ರೀಡಿಂಗ್ ಏರುತ್ತಾ ಹೋಗಿ ಒಂದು ಕಡೆ ನಿಂತರೆ ಹನಿ ಬಿಸಿ ಇತ್ತು, ಈಗ ತಣಿಯಿತು. ಏರುವುದು ನಿಲ್ಲದೇ ಇದ್ದರೆ ಆವಿಯಾಗುತ್ತಿದೆ. ಆಗ ಆ ಹನಿ ಒರೆಸಿ ಹೊಸ ಹನಿ ಹಾಕಿ, ಪ್ರಿಸಂ ಮುಚ್ಚಳ ಇಳಿಸಿ.

ಬೇರೆ ಯಂತ್ರವನ್ನೇ ಇಟ್ಟುಕೊಂಡಿದ್ದರೆ

ಆರ್‌ಓ ನೀರು ನೋಡಲು ಬರುವ ಪೆನ್ ಥರದ ಟಿಡಿಎಸ್ ಮೀಟರ್ ಅನ್ನು ಕಾಫಿಗೆ ಅದ್ದುವವರು ಇದ್ದಾರೆ. ಅದರ ಮೇಲೂ ಟಿಡಿಎಸ್ ಅಂತಲೇ ಬರೆದಿರುತ್ತದಲ್ವಾ. ಆದರೆ ಅದು ಅಳೆಯುವುದು ವಿದ್ಯುತ್ ಹರಿವನ್ನು. ಲವಣ ಇದ್ದರೆ ವಿದ್ಯುತ್ ಹರಿಯುತ್ತದೆ. ಕಾಫಿಯಲ್ಲಿ ಕರಗಿರುವ ಬಹುಪಾಲು ವಸ್ತು ಹಾಗೆ ಹರಿಸುವಂಥದ್ದಲ್ಲ. ಅದರಿಂದ ಚಾರ್ಟ್‌ಗೆ ಬೇಕಾದ ಅಂಕಿ ಬರುವುದಿಲ್ಲ.

ಕಣ್ಣಿಟ್ಟು ನೋಡುವ, ಕಬ್ಬಿನ ಹಾಲು, ಹಣ್ಣಿನ ರಸಕ್ಕೆ ಬಳಸುವ ಬ್ರಿಕ್ಸ್ ರಿಫ್ರಾಕ್ಟೋಮೀಟರ್ ವಿಷಯ ಬೇರೆ. ಅದರ ತತ್ವ ಸರಿಯೇ. ಬ್ರಿಕ್ಸ್ ಅಂದರೆ ರಸದಲ್ಲಿ ಸಕ್ಕರೆ ಶೇಕಡಾ ಎಷ್ಟು ಅನ್ನುವ ಲೆಕ್ಕ. ಬ್ರಿಕ್ಸ್ ಅನ್ನು 0.85ರಿಂದ ಗುಣಿಸಿದರೆ ಕಾಫಿಯ ಟಿಡಿಎಸ್ ಅಂದಾಜು ಸಿಗುತ್ತದೆ. ಆದರೆ ಅದರ ಒಂದೊಂದು ಗೆರೆ ಸಾಮಾನ್ಯವಾಗಿ 0.2 ಬ್ರಿಕ್ಸ್. ಒಂದು ಗೆರೆ ಆಚೀಚೆ ಓದಿದರೆ ಟಿಡಿಎಸ್ 0.17 ಆಚೀಚೆ, ಅಂದರೆ ಬಹುತೇಕ ಇಡೀ ಚೌಕ. ಎಸ್ಪ್ರೆಸೊದಂಥ ಗಟ್ಟಿ ಕಾಫಿಗೆ ಹೇಗೋ ನಡೆದೀತು, ಪೋರ್-ಓವರ್‌ಗೆ ಬೇಡ.

ಮೀಟರ್ ಇಲ್ಲದೆ ಮೀಟರನ್ನು ಪರೀಕ್ಷಿಸುವುದು

1.22 ನಿಜವೋ, ಅದೂ ಇನ್ನೊಂದು ತಪ್ಪೋ? ಚಾರ್ಟ್ ಇದಕ್ಕೆ ಉತ್ತರ ಕೊಡಲಾರದು ಅಂತ ಆಗಲೇ ನೋಡಿದೆವು. ಬೆಳಕಿಗೆ ಸಂಬಂಧವೇ ಇಲ್ಲದ ಇನ್ನೊಂದು ದಾರಿ ಬೇಕು. ಅದು ಗಸಿಯನ್ನು ಒಣಗಿಸುವುದು. ಕಪ್ಪಿಗೆ ಏನು ಹೋಯಿತೋ ಅಷ್ಟು ಗಸಿಯಲ್ಲಿ ಕಡಿಮೆಯಾಗಿರಲೇಬೇಕು.

ಬೇಕಾದ್ದು 0.1 ಗ್ರಾಂ ತೋರಿಸುವ ತಕ್ಕಡಿ, ಒಂದು ಓಟಿಜಿ. ಒಂದೇ ಪುಡಿಯಿಂದ 15 ಗ್ರಾಂನ ಎರಡು ಪಾಲು ಮಾಡಿ. ಒಂದನ್ನು ಕಾಫಿ ಮಾಡದೆ ಹಾಗೇ ತಟ್ಟೆಯಲ್ಲಿ ಹರಡಿ. ಇನ್ನೊಂದರಲ್ಲಿ ಕಾಫಿ ಮಾಡಿ, ಕಾಗದದ ಸಮೇತ ಗಸಿಯನ್ನು ಇನ್ನೊಂದು ತಟ್ಟೆಯಲ್ಲಿಡಿ. ಜೊತೆಗೆ ಅದೇ ಥರದ ಖಾಲಿ ಕಾಗದ ಒಂದನ್ನೂ ಇಡಿ. ಕಾಗದವೂ ತೇವ ಹಿಡಿದಿರುತ್ತದೆ, ಅದರ ಒಣ ತೂಕ ಕಳೆಯಬೇಕು. ಎಲ್ಲವನ್ನೂ ಸುಮಾರು 105 ಡಿಗ್ರಿಯಲ್ಲಿ ಒಣಗಿಸಿ. ಗಂಟೆ ಬಿಟ್ಟು ಗಂಟೆ ತೂಗಿ, ತೂಕ ಇಳಿಯುವುದು ನಿಂತಾಗ ಮುಗಿಯಿತು. ಗಸಿಯನ್ನು ತೆಳ್ಳಗೆ ಹರಡಿ, ಇಲ್ಲದಿದ್ದರೆ ಒಳಗೆ ತೇವ ಉಳಿದು ಲೆಕ್ಕ ಕೆಡುತ್ತದೆ. ಹೊರಗೆ ತೆಗೆದ ತಕ್ಷಣ ತೂಗಿ, ಮಳೆಗಾಲದಲ್ಲಂತೂ ಒಣ ಗಸಿ ಕಣ್ಮುಚ್ಚಿ ಬಿಡುವಷ್ಟರಲ್ಲಿ ತೇವ ಎಳೆಯುತ್ತದೆ.

ಆ ಅಂಗಡಿಯ ಪುಡಿಯಲ್ಲಿ ಕಾಫಿ ಮಾಡದ ಪಾಲು ಒಣಗಿ 14.6 ಗ್ರಾಂ ಆಯಿತು. ಉಳಿದದ್ದು ತೇವ. 1.22 ಸರಿಯಿದ್ದರೆ ಕಪ್ಪಿನಲ್ಲಿ 220 ಗ್ರಾಂನ ಶೇಕಡಾ 1.22, ಅಂದರೆ 2.7 ಗ್ರಾಂ ಕರಗಿರಬೇಕು. ಗಸಿ 11.9 ಉಳಿಯಬೇಕು. 1.62 ಸರಿಯಿದ್ದರೆ 3.6 ಗ್ರಾಂ ಹೋಗಿರಬೇಕು, ಗಸಿ 11.0 ಉಳಿಯಬೇಕು. ತಕ್ಕಡಿ ತೋರಿಸಿದ್ದು 11.9. ಹತ್ತಿರ ಹತ್ತಿರ ಒಂದು ಗ್ರಾಂ ವ್ಯತ್ಯಾಸ ಇರುವುದರಿಂದ ಸಾಮಾನ್ಯ ತಕ್ಕಡಿಯಲ್ಲೂ ತೀರ್ಮಾನ ಸಿಗುತ್ತದೆ. ಆದರೆ 1.22ಕ್ಕೂ 1.25ಕ್ಕೂ ಇರುವ ವ್ಯತ್ಯಾಸ ಇದರಲ್ಲಿ ಕಾಣುವುದಿಲ್ಲ. ಇದು ದೊಡ್ಡ ತಪ್ಪು ಹಿಡಿಯುವ ಪರೀಕ್ಷೆ, ಹೊಸ ಮೀಟರ್ ಬಂದಾಗ ಒಮ್ಮೆ, ಸಂಶಯ ಬಂದಾಗ ಒಮ್ಮೆ ಸಾಕು.

ಇನ್ನು ಗ್ರೈಂಡರ್ ಮುಟ್ಟಬಹುದು

ಅಳತೆ ಗಟ್ಟಿಯಾದ ಮೇಲೆ ಚಾರ್ಟ್ ಕೆಲಸಕ್ಕೆ ಬರುತ್ತದೆ. ಲೀಟರಿಗೆ 60 ಗ್ರಾಂ ಗೆರೆ ಚೌಕದೊಳಗೆ ಹಾದುಹೋಗುವುದು ಎಕ್ಸ್‌ಟ್ರಾಕ್ಷನ್ 18ರಿಂದ 19.8ರವರೆಗೆ ಮಾತ್ರ. ಅದರಾಚೆ ಟಿಡಿಎಸ್ 1.35 ದಾಟಿ ಗೆರೆ ಚೌಕದ ಮೇಲಿಂದ ಹೊರಗೆ ಹೋಗುತ್ತದೆ. ಗ್ರೈಂಡ್ ಅನ್ನು ಮೊದಲಿದ್ದ ಕಡೆಗೆ ಸಣ್ಣ ಮಾಡಿದಾಗ ರೀಡಿಂಗ್ 1.34, ಕಾಫಿಯ ತೂಕ 220, ಎಕ್ಸ್‌ಟ್ರಾಕ್ಷನ್ 19.7. ಹುಳಿ ತಗ್ಗಿತು, ಸಿಹಿ ಬಂತು. ಅದಕ್ಕಿಂತ ಹೆಚ್ಚು ಹೀರಬೇಕು, ಆದರೆ ಗಟ್ಟಿ ಬೇಡ ಅನ್ನುವವರು ಗ್ರೈಂಡ್ ಮಾತ್ರ ತಿರುಗಿಸುತ್ತಾ ಕೂತರೆ ಆಗದು. 55 ಗ್ರಾಂ ಗೆರೆಗೆ ಇಳಿಯಬೇಕು. 250 ಗ್ರಾಂ ನೀರಿಗೆ 13.75 ಗ್ರಾಂ ಪುಡಿ. ಆ ಗೆರೆ ಚೌಕದ ನಡುಭಾಗದಲ್ಲೇ ಹೋಗುತ್ತದೆ.

ಎಷ್ಟು ನಿಖರ ಅಂತ ಒಂದು ಮಾತು. ಈ ಕಾಫಿಯಲ್ಲಿ ರೀಡಿಂಗ್ 0.03 ಆಚೀಚೆಯಾದರೆ ಎಕ್ಸ್‌ಟ್ರಾಕ್ಷನ್ 0.4 ಆಚೀಚೆ. 19.7ಕ್ಕೂ 19.4ಕ್ಕೂ ಜಗಳ ಆಡುವುದರಲ್ಲಿ ಅರ್ಥವಿಲ್ಲ.

ಚೌಕವನ್ನೂ ದೇವರ ಪೀಠ ಮಾಡಬೇಡಿ. ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್‌ನವರು ಈ ಚಾರ್ಟ್ ಅನ್ನು ಮತ್ತೆ ಪರೀಕ್ಷಿಸಿ 2023ರಲ್ಲಿ ಹೊಸದೊಂದನ್ನು ಪ್ರಕಟಿಸಿದರು. ಟಿಡಿಎಸ್ ಜಾಸ್ತಿ, ಎಕ್ಸ್‌ಟ್ರಾಕ್ಷನ್ ಕಡಿಮೆ ಇರುವ ಕಡೆ ಹುಳಿ ಎದ್ದು ಕಾಣುತ್ತದೆ, ಎರಡೂ ಜಾಸ್ತಿ ಇರುವ ಕಡೆ ಕಹಿ. ಕುಡಿಯುವವರೆಲ್ಲ ಒಂದೇ ಜಾಗ ಮೆಚ್ಚುವುದಿಲ್ಲ, ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ಜಾಗ ಇಷ್ಟ ಅನ್ನುವುದೂ ಅದರಲ್ಲಿ ಕಂಡಿತು. ಇನ್ನೊಂದು, ಮೀಟರ್ ಹೇಳುವುದು ಸರಾಸರಿ. ನೀರು ಪುಡಿಯ ಒಂದೇ ಪಕ್ಕದಲ್ಲಿ ದಾರಿ ಮಾಡಿಕೊಂಡು ಹರಿದರೆ ಅಲ್ಲಿ ಅತಿ, ಉಳಿದ ಕಡೆ ಕಡಿಮೆ. ಸರಾಸರಿ 20 ಬಂದರೂ ಕಪ್ಪಿನಲ್ಲಿ ಹುಳಿಯೂ ಕಹಿಯೂ ಒಟ್ಟಿಗೆ ಇರುತ್ತವೆ. ಡ್ರಿಪ್ಪರ್ ಒಳಗೆ ಗಸಿ ಒಂದು ಕಡೆ ಹಳ್ಳ ಬಿದ್ದಿದೆಯಾ ನೋಡಿ.

ನಮ್ಮ ಮನೆಯ ಫಿಲ್ಟರ್ ಡಿಕಾಕ್ಷನ್ ಅನ್ನು ಈ ಚಾರ್ಟ್‌ಗೆ ತರಬಹುದಾ ಅಂತ ಕೇಳುವವರಿದ್ದಾರೆ. ಡಿಕಾಕ್ಷನ್‌ನ ಗಟ್ಟಿತನ ಈ ಚಾರ್ಟ್‌ನ ಅಂಚು ದಾಟಿ ಎಷ್ಟೋ ಮೇಲಿರುತ್ತದೆ. ಚಿಕೋರಿ ಬೆರೆತಿದ್ದರೆ ಇನ್ನೂ ಕಷ್ಟ. ಚಿಕೋರಿ ಕಾಫಿಗಿಂತ ಬಹಳ ಹೆಚ್ಚು ಕರಗುತ್ತದೆ. ಹಾಗಾಗಿ ಎಕ್ಸ್‌ಟ್ರಾಕ್ಷನ್ 30 ದಾಟಿದರೂ ಅದು ಮೀಟರ್ ದೋಷ ಅಲ್ಲ. ಅಳೆಯಲೇಬೇಕು ಅಂದರೆ ಚಿಕೋರಿ ಇಲ್ಲದ ಪುಡಿ ತಗೊಳ್ಳಿ, ತೂತಿನ ತಟ್ಟೆಯಿಂದ ಇಳಿದ ಸಣ್ಣ ಪುಡಿ ತಳ ಸೇರುವವರೆಗೆ ಕಾಯಿರಿ, ಸ್ವಲ್ಪ ಡಿಕಾಕ್ಷನ್ ಅನ್ನು ಕಾಗದದಲ್ಲಿ ಸೋಸಿ ಹನಿ ಹಾಕಿ. ಹಾಲು, ಸಕ್ಕರೆ ಹಾಕುವ ಮೊದಲೇ ಅಳೆಯಿರಿ. ಹಾಕಿದ ಮೇಲೆ ಮೀಟರ್ ಅವನ್ನೂ ಕಾಫಿ ಅಂತಲೇ ಎಣಿಸುತ್ತದೆ.